ಅಡಿಕೆ ದರದ ಪುಟ ಎಲ್ಲರಿಗೂ ಓದಲು ಬರಬೇಕಾದರೆ: ಅಕ್ಷರ ಮತ್ತು ಹಿನ್ನೆಲೆಯ ಕಾಂಟ್ರಾಸ್ಟ್ ಅಳೆಯುವ ಕ್ರಮ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೆಳೆಗಾರರು ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟುಗಳ ಅಂದಿನ ದರವನ್ನು ಈಗ ಮೊಬೈಲಿನಲ್ಲೇ ನೋಡಿಕೊಳ್ಳುತ್ತಾರೆ. ನೋಡುವವರಲ್ಲಿ ಅನೇಕರು ಅರವತ್ತು ದಾಟಿದವರು, ಕೆಲವರಿಗೆ ಕಣ್ಣಿನ ಪೊರೆ ಬೆಳೆಯತೊಡಗಿದೆ, ಮತ್ತು ಅವರು ದರ ನೋಡುವುದು ಬಹುತೇಕ ಅಡಿಕೆ ಒಣಗುತ್ತಿರುವ ಅಂಗಳದ ಬಿಸಿಲಿನಲ್ಲಿ. ಅಂಥ ಒಂದು ದರಪಟ್ಟಿಯ ಪುಟವನ್ನು ಉದಾಹರಣೆಯಾಗಿ ಕಲ್ಪಿಸಿಕೊಂಡು, ಅದರ ಅಕ್ಷರಗಳು ಹಿನ್ನೆಲೆಯಿಂದ ಸಾಕಷ್ಟು ಎದ್ದು ಕಾಣುತ್ತವೆಯೇ ಎಂಬುದನ್ನು ಅಳೆದು ನೋಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ನಮ್ಮ ಉದಾಹರಣೆಯ ಪುಟದ ಹಿನ್ನೆಲೆ ಬಿಳಿ. ದರದ ಅಂಕಿಗಳು ಹಣ್ಣಡಿಕೆಯ ಕಿತ್ತಳೆ ಬಣ್ಣದಲ್ಲಿವೆ, ಅದರ ಸಂಕೇತ `#E67E22`. ಮೇಲ್ಗಡೆ ದಿನಾಂಕವು ತೆಳು ಬೂದು ಬಣ್ಣದಲ್ಲಿ ಕಾಣುತ್ತದೆ.

ಅಳೆಯಬೇಕಾದುದು ಎರಡು ಬಣ್ಣಗಳ ನಡುವಿನ ಕಾಂಟ್ರಾಸ್ಟ್ ಅನುಪಾತವನ್ನು. ಪ್ರತಿಯೊಂದು ಬಣ್ಣಕ್ಕೂ ಕಡುಗಪ್ಪಿಗೆ 0, ಅಚ್ಚಬಿಳುಪಿಗೆ 1 ಎಂಬ ಅಳತೆಯಲ್ಲಿ ಒಂದು ಪ್ರಕಾಶದ ಬೆಲೆ ಇರುತ್ತದೆ. ಪರದೆಯ ಕೆಂಪು, ಹಸಿರು, ನೀಲಿ ಬೆಳಕುಗಳು ನಮ್ಮ ಕಣ್ಣಿಗೆ ಒಂದೇ ಸಮನಾಗಿ ಬೆಳಗುವುದಿಲ್ಲವಾದ್ದರಿಂದ ಲೆಕ್ಕದಲ್ಲಿ ಹಸಿರಿಗೆ 0.7152, ಕೆಂಪಿಗೆ 0.2126, ನೀಲಿಗೆ ಕೇವಲ 0.0722ರಷ್ಟು ತೂಕ ಕೊಡುತ್ತಾರೆ. ಹೀಗೆ ಬಂದ ಎರಡು ಬೆಲೆಗಳಲ್ಲಿ ಹೆಚ್ಚಿನದನ್ನು L1, ಕಡಿಮೆಯದನ್ನು L2 ಎಂದು ಕರೆದರೆ, ಅನುಪಾತ ಸಿಗುವುದು ಈ ಸೂತ್ರದಿಂದ:

```
(L1 + 0.05) / (L2 + 0.05)
```

ಕಪ್ಪು ಬಿಳುಪಿನ ನಡುವೆ ಇದು 21 ಆಗುತ್ತದೆ, ಒಂದೇ ಬಣ್ಣದ ಮೇಲೆ ಅದೇ ಬಣ್ಣ ಬರೆದರೆ 1 ಆಗುತ್ತದೆ. ಎರಡೂ ಕಡೆ ಕೂಡಿಸಿರುವ 0.05 ಪರದೆಯ ಮೇಲೆ ಬಿದ್ದು ಹಿಂದಿರುಗುವ ಸುತ್ತಲಿನ ಬೆಳಕಿನ ಅಂದಾಜು. ಇದನ್ನು ನೆನಪಿನಲ್ಲಿಟ್ಟುಕೊಂಡಿರಬೇಕು, ಏಕೆಂದರೆ ಬಿಸಿಲಿನ ವಿಚಾರ ಬಂದಾಗ ಇದೇ ಅಂಕಿ ಕೆಲಸಕ್ಕೆ ಬರುತ್ತದೆ.

ಮೊದಲ ಹೆಜ್ಜೆ, ಪರದೆಯ ಮೇಲೆ ನಿಜವಾಗಿ ಮೂಡುತ್ತಿರುವ ಎರಡು ಬಣ್ಣಗಳು ಯಾವುವೆಂದು ತಿಳಿಯುವುದು. ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು, ಅಕ್ಷರದ ಮೇಲೆ ಬಲಗುಂಡಿ ಒತ್ತಿ `Inspect` ಆರಿಸಿದರೆ ಬದಿಯಲ್ಲಿ `Styles` ಎಂಬ ಭಾಗ ಕಾಣಿಸುತ್ತದೆ, ಅಲ್ಲಿ `color` ಎಂಬ ಸಾಲಿನಲ್ಲಿ ಅಕ್ಷರದ ಬಣ್ಣವಿರುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಅದರಿಂದ ಬಣ್ಣವನ್ನು ಹೆಕ್ಕುವ ರೂಢಿ ಕೆಲವರಿಗಿದೆ, ಅದು ಸರಿಯಲ್ಲ. ಅಕ್ಷರದ ಅಂಚು ನುಣುಪಾಗಿ ಕಾಣಲೆಂದು ಬ್ರೌಸರ್ ಅಲ್ಲಿ ನಡುವಿನ ಬಣ್ಣಗಳನ್ನು ತುಂಬಿರುತ್ತದೆ. ಕನ್ನಡದ ಒತ್ತಕ್ಷರಗಳಂಥ ಸಣ್ಣ ಗೆರೆಗಳಲ್ಲಿ ಅಂಚಿನ ಹೊರತು ಬೇರೇನೂ ಸಿಗದೆ, ಬಣ್ಣ ಇರುವುದಕ್ಕಿಂತ ತೆಳುವಾಗಿ ದಾಖಲಾಗುತ್ತದೆ.

ನಮ್ಮ ಪುಟದ ದಿನಾಂಕದ ಸಾಲನ್ನು ಹೀಗೆ ತೆರೆದರೆ ಎದುರಾಗುವುದು ಇದು:

```
color: #333333;
opacity: 0.5;
```

`#333333` ಗಾಢವಾದ ಬಣ್ಣ, ಬಿಳಿಯ ಮೇಲೆ ಅದರ ಅನುಪಾತ 12.63. ಆದರೆ ಎರಡನೆಯ ಸಾಲು ಅಕ್ಷರವನ್ನು ಅರೆಪಾರದರ್ಶಕ ಮಾಡಿದೆ, ಹಿಂದಿನ ಬಿಳುಪು ಅರ್ಧದಷ್ಟು ಅದರೊಳಗೆ ಬೆರೆತಿದೆ. ಲೆಕ್ಕ ಸುಲಭ: ಹದಿನಾರರ ಅಂಕಿಯಲ್ಲಿ 33 ಎಂದರೆ 51, ಬಿಳುಪು 255, ಎರಡರ ನಡುವಿನ ಬೆಲೆ 153, ಅಂದರೆ ಕಣ್ಣಿಗೆ ಕಾಣುತ್ತಿರುವ ಬಣ್ಣ `#999999`. ಅಳೆಯಬೇಕಾದುದು ಇದನ್ನು. ಸಂಕೇತವನ್ನು ಮಾತ್ರ ನೋಡಿ ಸರಿಯಿದೆಯೆಂದು ಮುಂದೆ ಹೋಗುವವರು ಜಾರುವುದು ಹೆಚ್ಚಾಗಿ ಈ ಸ್ಥಳದಲ್ಲೇ. ಅಕ್ಷರದ ತೀವ್ರತೆ ತಗ್ಗಿಸಬೇಕೆನಿಸಿದರೆ ನೇರವಾಗಿ ಒಂದು ಬೂದು ಬಣ್ಣವನ್ನು ಬರೆದುಬಿಡುವುದು ಒಳ್ಳೆಯದು, ಆಗ ಅಳೆಯುವವರಿಗೆ ಸಂದೇಹ ಉಳಿಯುವುದಿಲ್ಲ.

ಎರಡನೆಯ ಹೆಜ್ಜೆ ಅಳತೆ. ಕ್ರೋಮ್‌ನಲ್ಲಿ `color` ಸಾಲಿನ ಪಕ್ಕದ ಪುಟ್ಟ ಬಣ್ಣದ ಚೌಕವನ್ನು ಒತ್ತಿದರೆ ತೆರೆದುಕೊಳ್ಳುವ ಪೆಟ್ಟಿಗೆಯಲ್ಲಿ `Contrast ratio` ಎಂಬ ಸಾಲಿದ್ದು ಅನುಪಾತವನ್ನು ಅಲ್ಲೇ ತೋರಿಸುತ್ತದೆ. ಮೊಬೈಲ್ ಮಾತ್ರ ಕೈಯಲ್ಲಿದ್ದವರು ವೆಬ್‌ಏಮ್ ಸಂಸ್ಥೆಯ ಕಾಂಟ್ರಾಸ್ಟ್ ಚೆಕರ್ ಪುಟದಲ್ಲಿ ಅಕ್ಷರದ ಮತ್ತು ಹಿನ್ನೆಲೆಯ ಸಂಕೇತಗಳನ್ನು ಟೈಪ್ ಮಾಡಿದರೂ ಅದೇ ಉತ್ತರ ದೊರೆಯುತ್ತದೆ.

ನಮ್ಮ ದಿನಾಂಕದ ಬೂದು ಬಣ್ಣಕ್ಕೆ ಬರುವ ಅನುಪಾತ 2.85. ಅಚ್ಚರಿಯ ಸಂಗತಿಯೆಂದರೆ, ಕಣ್ಣಿಗೆ ಅದಕ್ಕಿಂತ ಎಷ್ಟೋ ಉಜ್ವಲವಾಗಿ ತೋರುವ ದರದ ಕಿತ್ತಳೆ ಬಣ್ಣಕ್ಕೂ ಬರುವುದು 2.85 ಮಾತ್ರ. ಎರಡರ ಪ್ರಕಾಶದ ಬೆಲೆಯೂ ಸುಮಾರು 0.319, ಆದ್ದರಿಂದ 1.05ನ್ನು 0.369ರಿಂದ ಭಾಗಿಸಿದಾಗ ಇಬ್ಬರಿಗೂ ಒಂದೇ ಫಲ. ಆ ಬೂದು ಹಿನ್ನೆಲೆಯ ಮೇಲೆ ಈ ಕಿತ್ತಳೆಯಲ್ಲಿ ಬರೆದರೆ ಅನುಪಾತ 1ಕ್ಕೆ ಇಳಿದು, ಬಣ್ಣಗಳನ್ನು ಬೇರ್ಪಡಿಸಿ ನೋಡಲಾಗದವರಿಗೆ ಬರಹ ಮಾಯವಾದಂತೆಯೇ ಸರಿ. ಬಣ್ಣ ಢಾಳಾಗಿದೆ, ಆದ್ದರಿಂದ ಓದಲು ಸುಲಭ ಎಂಬ ನಂಬಿಕೆಯನ್ನು ಬಿಟ್ಟು ಅಳತೆಯನ್ನು ನೆಚ್ಚಬೇಕೆನ್ನುವುದು ಇದಕ್ಕಾಗಿಯೇ.

ಅನುಪಾತ ಎಷ್ಟಿದ್ದರೆ ಸಾಕು? ಡಬ್ಲ್ಯು3ಸಿ ಸಂಸ್ಥೆ 2008ರಲ್ಲಿ ಪ್ರಕಟಿಸಿದ ವೆಬ್ ಸುಗಮ್ಯತೆಯ ಮಾರ್ಗಸೂಚಿ 2.0, ಎಎ ಮಟ್ಟಕ್ಕೆ ಸಾಮಾನ್ಯ ಬರಹದಲ್ಲಿ ಕನಿಷ್ಠ 4.5 ಇರಬೇಕೆಂದು ಹೇಳಿತು. 2023ರ 2.2 ಆವೃತ್ತಿಯಲ್ಲೂ ಆ ಅಂಕಿ ಹಾಗೆಯೇ ಇದೆ. ಸಾಮಾನ್ಯ ದೃಷ್ಟಿಗೆ 3 ಸಾಕೆಂಬ ಹಳೆಯ ಮಾನಕವನ್ನು ಆಧಾರವಾಗಿಟ್ಟುಕೊಂಡು, ಮಿತವಾಗಿ ದೃಷ್ಟಿ ಕುಂದಿದವರಿಗೆ ಅದರ ಒಂದೂವರೆ ಪಟ್ಟು ಬೇಕೆಂದು ಲೆಕ್ಕ ಹಾಕಿ 4.5ಕ್ಕೆ ಬಂದಿದ್ದಾರೆ. ಇನ್ನೂ ಕಟ್ಟುನಿಟ್ಟಾದ ಎಎಎ ಮಟ್ಟಕ್ಕೆ 7 ಬೇಕು. ಇಲ್ಲಿ ಅಂಕಿಯನ್ನು ಮೇಲಕ್ಕೆ ಸರಿಹೊಂದಿಸುವಂತಿಲ್ಲ: ಬಿಳಿಯ ಮೇಲೆ `#777777` ಕೊಡುವುದು 4.48, ಅದು ಅನುತ್ತೀರ್ಣ. ಅದಕ್ಕಿಂತ ಕೂದಲೆಳೆಯಷ್ಟು ಗಾಢವಾದ `#767676` ಕೊಡುವುದು 4.54, ಅದು ಉತ್ತೀರ್ಣ.

24 ಪಿಕ್ಸೆಲ್‌ಗಿಂತ, ದಪ್ಪಕ್ಷರವಾದರೆ ಸುಮಾರು 18.7 ಪಿಕ್ಸೆಲ್‌ಗಿಂತ ಕಡಿಮೆಯಿಲ್ಲದ ಬರಹಕ್ಕೆ 3 ಸಾಕೆಂಬ ರಿಯಾಯಿತಿಯೂ ಇದೆ. ಕನ್ನಡದಲ್ಲಿ ಇದನ್ನು ಬಹಳ ಎಚ್ಚರದಿಂದ ಬಳಸಬೇಕೆಂಬುದು ನನ್ನ ಅಭಿಪ್ರಾಯ. ‘ಬೆಟ್ಟೆ’ ಎಂಬಲ್ಲಿ ಟಕಾರದ ಒತ್ತು ಮೂಲಾಕ್ಷರಕ್ಕಿಂತ ತೀರ ಚಿಕ್ಕದಾಗಿ ಕೆಳಗೆ ಕುಳಿತಿರುತ್ತದೆ, ಅದನ್ನು ಓದುವ ಕಣ್ಣಿಗೆ ಸಿಗುವುದು 24 ಪಿಕ್ಸೆಲ್‌ನ ಅಕ್ಷರವಲ್ಲ. ಹಾಗಾಗಿ ಶೀರ್ಷಿಕೆಗಳಿಗೂ 4.5ನ್ನೇ ಇಟ್ಟುಕೊಳ್ಳುವುದು ಕ್ಷೇಮ.

ಮೂರನೆಯ ಹೆಜ್ಜೆ ಬಣ್ಣವನ್ನು ತಿದ್ದುವುದು. ಕಿತ್ತಳೆಯನ್ನು ಪೂರ್ತಿ ಕೈಬಿಡಬೇಕಾಗಿಲ್ಲ. ಕ್ರೋಮ್‌ನ ಅದೇ ಪೆಟ್ಟಿಗೆಯಲ್ಲಿ ಅನುಪಾತದ ಸಾಲನ್ನು ಬಿಡಿಸಿದರೆ ಬಣ್ಣದ ಹರವಿನ ಮೇಲೆ ಎಎ ಮತ್ತು ಎಎಎ ಗಡಿಗಳನ್ನು ತೋರುವ ಗೆರೆಗಳು ಮೂಡುತ್ತವೆ, ಹಿನ್ನೆಲೆ ತಿಳಿಯಾಗಿದ್ದಾಗ ಗುರುತಿನ ವೃತ್ತವನ್ನು ಗೆರೆಯ ಕೆಳಗಿನ ಗಾಢ ಭಾಗಕ್ಕೆ ಎಳೆಯಬೇಕು. ಹಾಗೆ ಎಳೆದು `#B35900` ಆರಿಸಿದೆವೆನ್ನೋಣ. ಬಿಳಿಯ ಮೇಲೆ ಇದು 4.83 ಕೊಡುತ್ತದೆ, ಕೆಲಸ ಮುಗಿಯಿತೆನಿಸುತ್ತದೆ. ಆದರೆ ದರಪಟ್ಟಿಯಲ್ಲಿ ಸಾಲು ತಪ್ಪದಿರಲೆಂದು ಒಂದು ಬಿಟ್ಟು ಒಂದು ಸಾಲಿಗೆ ಮರಳಿನ ಬಣ್ಣ `#F3E5D0` ಹಾಕಿದ್ದಾರೆ, ಅದರ ಮೇಲೆ ಅಳೆದರೆ ಬರುವುದು 3.90 ಮಾತ್ರ. ರಾಶಿಯ ದರ ಓದಲು ಬರುತ್ತದೆ, ಅದರ ಕೆಳಗಿನ ಚಾಲಿಯದು ಮಸುಕಾಗುತ್ತದೆ. ಅಕ್ಷರದ ಒಂದು ಬಣ್ಣ ಎಷ್ಟು ಹಿನ್ನೆಲೆಗಳ ಮೇಲೆ ಬೀಳುತ್ತದೆಯೋ ಅಷ್ಟೂ ಜೋಡಿಗಳನ್ನು ಅಳೆಯಬೇಕು. ಇನ್ನೂ ಗಾಢವಾದ `#8F4700` ಆರಿಸಿದರೆ ಬಿಳಿಯ ಮೇಲೆ 6.84, ಮರಳು ಬಣ್ಣದ ಮೇಲೆ 5.52 ಬರುತ್ತದೆ, ಎರಡೂ ಗಡಿ ದಾಟುತ್ತವೆ.

ಚಿತ್ರದ ಮೇಲಿನ ಬರಹ ಬೇರೆಯೇ ಸಮಸ್ಯೆ. ಕಾರವಾರದ ಕಡಲತೀರದ ಫೋಟೊ ಹಾಕಿ ಅದರ ಮೇಲೆ ಬಿಳಿಯ ಹೆಸರು ಬರೆದ ಹೋಂಸ್ಟೇಗಳ ಪುಟಗಳನ್ನು ಕರಾವಳಿಯಲ್ಲಿ ಧಾರಾಳವಾಗಿ ಕಾಣಬಹುದು. ಇಲ್ಲಿ ಹಿನ್ನೆಲೆಗೆ ಒಂದೇ ಸಂಕೇತವಿಲ್ಲ, ಹೀಗಾಗಿ ತಾನಾಗಿ ಪರೀಕ್ಷಿಸುವ ಸಾಧನಗಳು ಇಂಥ ಬರಹದ ಬಗ್ಗೆ ತೀರ್ಪು ಕೊಡಲಾರವು. ಅವು ದೋಷ ತೋರಿಸಲಿಲ್ಲವೆಂದ ಮಾತ್ರಕ್ಕೆ ದೋಷವಿಲ್ಲವೆಂದಲ್ಲ. ಅಕ್ಷರ ಬಿಳಿಯಾಗಿದ್ದರೆ ಅದರ ಹಿಂದಿನ ಅತಿ ತಿಳಿಯಾದ ಜಾಗವನ್ನು, ಅಂದರೆ ನೊರೆಯನ್ನೋ ಮೋಡವನ್ನೋ ಹುಡುಕಿ ಅಲ್ಲಿ ಅಳೆಯಬೇಕು. ಮೊಬೈಲಿನ ಅಗಲಕ್ಕೆ ತಕ್ಕಂತೆ ಚಿತ್ರ ಸರಿಯುವುದರಿಂದ ಆ ಜಾಗವೂ ಬದಲಾಗುತ್ತಿರುತ್ತದೆ. ಇದಕ್ಕೆ ಗಟ್ಟಿಯಾದ ಪರಿಹಾರ, ಚಿತ್ರಕ್ಕೂ ಅಕ್ಷರಕ್ಕೂ ನಡುವೆ ಒಂದು ಕಪ್ಪು ಪದರ ಹಾಕುವುದು:

```
background: rgba(0, 0, 0, 0.6);
```

ಚಿತ್ರದ ಆ ಭಾಗ ಅಚ್ಚಬಿಳುಪೇ ಆಗಿದ್ದರೂ ಈ ಪದರದ ಕೆಳಗೆ ಅದು `#666666` ಆಗುತ್ತದೆ, ಬಿಳಿ ಅಕ್ಷರಕ್ಕೆ 5.74 ಖಚಿತವಾಗಿ ಸಿಗುತ್ತದೆ. ಪದರವನ್ನು 0.5ಕ್ಕೆ ಇಳಿಸಿದರೆ ಅದೇ ಬಿಳುಪಿನ ಮೇಲೆ ಅನುಪಾತ 4ರ ಒಳಗೇ ಉಳಿಯುತ್ತದೆ.

ಪುಟಕ್ಕೆ ಡಾರ್ಕ್ ಮೋಡ್ ಇದ್ದರೆ ಇಡೀ ಅಳತೆಯನ್ನು ಮತ್ತೊಮ್ಮೆ ಮಾಡಬೇಕು. ಬಿಳಿಯ ಮೇಲೆ ಗೆದ್ದ `#8F4700`, `#121212` ಹಿನ್ನೆಲೆಯ ಮೇಲೆ 2.74ಕ್ಕೆ ಕುಸಿಯುತ್ತದೆ. ಬಿಳಿಯ ಮೇಲೆ ಸೋತ `#E67E22` ಅಲ್ಲಿ 6.58 ಪಡೆಯುತ್ತದೆ. ಎರಡು ಮೋಡ್‌ಗಳಿಗೆ ಎರಡು ಬಣ್ಣ ಇಟ್ಟುಕೊಳ್ಳುವುದೇ ದಾರಿ.

ಇನ್ನು ಬಿಸಿಲು. ಸೂತ್ರದಲ್ಲಿರುವ 0.05 ಸಾಮಾನ್ಯ ಬೆಳಕಿನ ಕೋಣೆಗೆ ಹೊಂದುವ ಅಂದಾಜು, ಅಂಗಳದಲ್ಲಿ ಪರದೆಯಿಂದ ಮರಳುವ ಬೆಳಕು ಅದಕ್ಕಿಂತ ಬಹಳ ಹೆಚ್ಚು. ಅದು ಹತ್ತು ಪಟ್ಟು, ಅಂದರೆ 0.5 ಆಯಿತೆಂದು ಊಹಿಸಿ ಲೆಕ್ಕ ಹಾಕಿದರೆ ಕಪ್ಪು ಬಿಳುಪಿನ 21ರ ಅನುಪಾತ 3ಕ್ಕೆ ಇಳಿಯುತ್ತದೆ, ಹಳೆಯ ಕಿತ್ತಳೆಯ 2.85ರ ಅನುಪಾತ 1.83ಕ್ಕೆ ಬರುತ್ತದೆ. ಯಾವ ಸಾಧನವೂ ಇದನ್ನು ಅಳೆದು ಹೇಳುವುದಿಲ್ಲ. ಹೀಗಿರುವಾಗ, ಹಣದ ವ್ಯವಹಾರಕ್ಕೆ ಆಧಾರವಾಗುವ ದರದ ಅಂಕಿಗಳಿಗೆ 4.5ರ ಗಡಿಯಲ್ಲಿ ನಿಲ್ಲದೆ 7ನ್ನು ದಾಟುವ ಬಣ್ಣವನ್ನೇ ಆರಿಸಬೇಕೆಂದು ನಾನು ಹೇಳುತ್ತೇನೆ. ನಮ್ಮ ಪುಟದಲ್ಲಿ ಅಂಕಿಗಳಿಗೂ ದಿನಾಂಕಕ್ಕೂ ಪಾರದರ್ಶಕತೆ ತೆಗೆದ `#333333` ಕೊಟ್ಟರೆ ಮರಳು ಬಣ್ಣದ ಸಾಲಿನ ಮೇಲೂ 10ಕ್ಕಿಂತ ಹೆಚ್ಚು ಅನುಪಾತ ಸಿಗುತ್ತದೆ. ಕಿತ್ತಳೆ ಛಾಯೆಯ `#8F4700` ಶೀರ್ಷಿಕೆಯಲ್ಲಿ ಉಳಿಯಲಿ. ಬಣ್ಣ ಬದಲಾಯಿಸಿದ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ, ಸಾಧಾರಣ ಬೆಲೆಯ ಫೋನಿನಲ್ಲಿ, ಪರದೆಯ ಬೆಳಕನ್ನು ಅರ್ಧಕ್ಕಿಟ್ಟು, ವಯಸ್ಸಾದ ಒಬ್ಬರಿಂದ ಕೆಂಪುಗೋಟಿನ ಆ ದಿನದ ದರವನ್ನು ಓದಿಸಿ ನೋಡಬೇಕು. ಅವರು ಫೋನನ್ನು ನೆರಳಿಗೆ ತಿರುಗಿಸಿಕೊಂಡರೆ ಅಕ್ಷರವನ್ನು ಇನ್ನಷ್ಟು ಗಾಢವಾಗಿಯೋ ದಪ್ಪವಾಗಿಯೋ ಮಾಡಬೇಕಾಗಿದೆ ಎಂದರ್ಥ.