ಐಟಿ ಮುಖ್ಯಸ್ಥರಿಗೆ ಬರೆದ ಪತ್ರವನ್ನು ನಾನು ಎರಡನೇ ಸಲ ಬರೆದದ್ದು ಹೀಗೆ

ಶಿರಸಿಯಲ್ಲಿ ನಾವು ನಾಲ್ವರು ಸೇರಿ ಅಡಿಕೆ ವ್ಯಾಪಾರದ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತೇವೆ. ಒಂದು ಸಹಕಾರಿ ಸಂಘಕ್ಕೆ ಕಳಿಸಿದ ಮೊದಲ ಪತ್ರದಲ್ಲಿ ನಾನು, "ನಿಮ್ಮ ಮಾಹಿತಿ ಬ್ಯಾಂಕಿನಷ್ಟೇ ಸುರಕ್ಷಿತ, ದಿನವೂ ಬ್ಯಾಕಪ್ ಇರುತ್ತದೆ" ಎಂದು ಬರೆದಿದ್ದೆ. ಅಲ್ಲಿನ ಐಟಿ ಮುಖ್ಯಸ್ಥರು ಎರಡೇ ಪ್ರಶ್ನೆ ಕೇಳಿದರು. ಮಾಹಿತಿಯನ್ನು ಬೇರೆಯವರು ಓದಲಾಗದಂತೆ ಮಾಡುವ ಎನ್‌ಕ್ರಿಪ್ಶನ್‌ನ ಕೀ ಯಾರ ಹತ್ತಿರ ಇದೆ? ಬ್ಯಾಕಪ್‌ನಿಂದ ಎಲ್ಲವನ್ನೂ ವಾಪಸ್ ತಂದು ನೋಡಿದ್ದೀರಾ?

ಮೊದಲನೆಯದಕ್ಕೆ ಉತ್ತರ ಗೊತ್ತಿತ್ತು, ಬರೆದಿರಲಿಲ್ಲ ಅಷ್ಟೆ. ಎರಡನೇ ಪತ್ರದಲ್ಲಿ ಬಿಡಿಸಿ ಬರೆದೆ. ಬ್ರೌಸರ್‌ನಿಂದ ಸರ್ವರ್‌ಗೆ ಮಾಹಿತಿ ಹೋಗುವುದು ದಾರಿಯಲ್ಲಿ ಯಾರೂ ಓದದಂತೆ ಕಾಪಾಡುವ ಟಿಎಲ್‌ಎಸ್ 1.2 ಅಥವಾ 1.3ರಲ್ಲಿ, ಅದಕ್ಕಿಂತ ಹಳೆಯವನ್ನು ಬಂದ್ ಮಾಡಿದ್ದೇವೆ. ಡಿಸ್ಕ್ ಮತ್ತು ಬ್ಯಾಕಪ್ ಎಇಎಸ್-256 ಎಂಬ ಎನ್‌ಕ್ರಿಪ್ಶನ್‌ನಲ್ಲಿವೆ. ಕೀ ಬಳಸುವ ಅನುಮತಿ ನಮ್ಮಲ್ಲಿ ಇಬ್ಬರಿಗೆ ಮಾತ್ರ. ಅದರ ಕೆಳಗೇ ಇನ್ನೊಂದು ಸಾಲು ಸೇರಿಸಿದೆ: ಡಿಸ್ಕ್ ಕಳುವಾದರೆ ಇದು ಕಾಪಾಡುತ್ತದೆ, ಆದರೆ ಪಾಸ್‌ವರ್ಡ್ ಕದ್ದು ಲಾಗಿನ್ ಆದವರನ್ನು ತಡೆಯುವುದಿಲ್ಲ, ಅದಕ್ಕೆ ಬೇರೆಯಾಗಿ ಒಟಿಪಿ ಇದೆ. ಈ ಸಾಲು ಬರೆಯಲೇಬೇಕು ಅಂತ ನನಗನಿಸುತ್ತದೆ, ಯಾಕೆಂದರೆ ತಿಳಿದವರು ಮೊದಲು ಹುಡುಕುವುದು ಇದನ್ನೇ.

ಎರಡನೇ ಪ್ರಶ್ನೆಗೆ ನಮ್ಮಲ್ಲಿ ಉತ್ತರವೇ ಇರಲಿಲ್ಲ. ಆ ಭಾನುವಾರ ಒಂದು ಖಾಲಿ ಸರ್ವರ್ ತೆಗೆದುಕೊಂಡು, ಹಿಂದಿನ ರಾತ್ರಿಯ ಬ್ಯಾಕಪ್‌ನಿಂದ ಎಲ್ಲವನ್ನೂ ಮತ್ತೆ ಎಬ್ಬಿಸಿದೆವು. 3 ಗಂಟೆ 10 ನಿಮಿಷ ಹಿಡಿಯಿತು. ಲೆಕ್ಕವೆಲ್ಲ ಬಂತು, ತೂಕದ ಚೀಟಿಗಳ ಫೋಟೋ ಮಾತ್ರ ಒಂದೂ ಬರಲಿಲ್ಲ! ಅವು ಡೇಟಾಬೇಸ್‌ನ ಹೊರಗೆ ಬೇರೆ ಫೋಲ್ಡರ್‌ನಲ್ಲಿದ್ದವು, ಬ್ಯಾಕಪ್‌ಗೆ ಆ ಫೋಲ್ಡರ್ ಸೇರಿಸಿಯೇ ಇರಲಿಲ್ಲ. ದಿನವೂ "ಬ್ಯಾಕಪ್ ಯಶಸ್ವಿ" ಎಂದು ಮೇಲ್ ಬರುತ್ತಿತ್ತು, ನಾವು ಅದನ್ನೇ ನಂಬಿದ್ದೆವು. ರೈತರ ಜೊತೆ ತೂಕದ ತಕರಾರು ಬಂದರೆ ಸಾಕ್ಷಿ ಅಂತ ಇರುವುದು ಆ ಚೀಟಿ ಒಂದೇ ಅಲ್ವಾ?

ಫೋಲ್ಡರ್ ಸೇರಿಸಿ, ಮುಂದಿನ ವಾರ ಮತ್ತೆ ಮಾಡಿ ನೋಡಿ, ಆಮೇಲೆ ಪತ್ರದಲ್ಲಿ ಬರೆದೆ: "ಬ್ಯಾಕಪ್ ರಾತ್ರಿ 11ಕ್ಕೆ. ಸಂಜೆ ಸರ್ವರ್ ಹಾಳಾದರೆ ಆ ದಿನದ ನಮೂದುಗಳು ಹೋಗಬಹುದು. ಪೂರ್ತಿ ವಾಪಸ್ ತರಲು ಪರೀಕ್ಷೆಯಲ್ಲಿ 3 ಗಂಟೆ 40 ನಿಮಿಷ ಬೇಕಾಯಿತು, 6 ಗಂಟೆಯೊಳಗೆ ತರುತ್ತೇವೆಂದು ಒಪ್ಪಂದದಲ್ಲಿ ಬರೆದುಕೊಡುತ್ತೇವೆ." ಮೊದಲ ಪರೀಕ್ಷೆಯಲ್ಲಿ ಫೋಟೋ ಬರದೇ ಇದ್ದದ್ದನ್ನೂ ತಿಳಿಸಿದೆ.

ಸಿಸ್ಟಮ್‌ನಲ್ಲಿ ಯಾವಾಗ ಏನು ನಡೆಯಿತು ಎಂಬ ದಾಖಲೆಯೇ ಲಾಗ್. ಅದರ ವಿಷಯ ಅವರು ಕೇಳಿರಲಿಲ್ಲ, ಆದರೂ ಬರೆದೆ. ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು, ನಮ್ಮಲ್ಲಿ 30 ದಿನದ್ದಷ್ಟೇ ಇತ್ತು. "ಈಗ ಇಲ್ಲ, ಈ ತಿಂಗಳ ಕೊನೆಯೊಳಗೆ ಮಾಡುತ್ತೇವೆ" ಎಂದೆ.

ಅವರು ಫೋನ್ ಮಾಡಿ, "ಬ್ಯಾಕಪ್ ವಾಪಸ್ ತರುವುದನ್ನು ನಾನೇ ಕೂತು ನೋಡಬಹುದಾ?" ಎಂದು ಕೇಳಿದರು. ಬಂದರು, ಮಧ್ಯಾಹ್ನದವರೆಗೂ ಕೂತರು, ಕೊನೆಗೆ ತಾವೇ ಒಂದು ರಸೀದಿ ನಂಬರ್ ಹೇಳಿ ಅದರ ತೂಕದ ಚೀಟಿ ತೆಗೆಸಿ ನೋಡಿದರು.