ಹದಿನೆಂಟು ಯೂರೋ ಎಲ್ಲಿ ಹೋಯ್ತು?

ಚನ್ನಪಟ್ಟಣದಲ್ಲಿ ಮರದ ಗೊಂಬೆ ರಫ್ತು ಮಾಡುವ ಒಂದು ಸಣ್ಣ ಘಟಕದ ಲೆಕ್ಕಪತ್ರ ನನ್ನದು. ನ್ಯೂರೆಂಬರ್ಗ್‌ನ ಒಬ್ಬ ಅಂಗಡಿಯವರು ನಮ್ಮ ಖಾಯಂ ಗಿರಾಕಿ. 2023ರಲ್ಲಿ ಅವರಿಗೆ 3,480 ಯೂರೋ ಬಿಲ್ಲು ಕಳಿಸಿದ್ದೆವು. ಬಂದದ್ದು 3,462.

"ಏನಮ್ಮ, ಹದಿನೆಂಟು ಯೂರೋ ಎಲ್ಲಿ ಹೋಯ್ತು?" ಅಂದರು ಯಜಮಾನರು. ಗಿರಾಕಿಯನ್ನು ಕೇಳಿದೆ. ಅವರು ತಮ್ಮ ಖಾತೆಯ ಸ್ಟೇಟ್‌ಮೆಂಟೇ ಕಳಿಸಿದರು, ಪೂರ್ತಿ 3,480 ಹೋಗಿತ್ತು. ನಮ್ಮ ಬ್ಯಾಂಕಿನವರು "ನಮಗೆ ಬಂದಿದ್ದೇ ಇಷ್ಟು" ಅಂದರು. ಇಬ್ಬರದೂ ನಿಜವೇ. ದುಡ್ಡು ಹೋಗಿದ್ದು ನಡುದಾರಿಯಲ್ಲಿ.

ಅವರ ಬ್ಯಾಂಕಿಗೂ ನಮ್ಮ ಬ್ಯಾಂಕಿಗೂ ನೇರ ವ್ಯವಹಾರ ಇಲ್ಲ. ನಮ್ಮ ಬ್ಯಾಂಕು ಯೂರೋ ಇಟ್ಟುಕೊಳ್ಳಲು ಫ್ರಾಂಕ್‌ಫರ್ಟ್‌ನ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದೆ. ಅದನ್ನೇ ನಾಸ್ಟ್ರೋ ಅನ್ನುತ್ತಾರೆ. ಹಣ ಆ ಬ್ಯಾಂಕಿನ ಮೂಲಕ ಬರುತ್ತದೆ, ಅದು ತನ್ನ ಕೂಲಿ ಹಿಡಿದುಕೊಳ್ಳುತ್ತದೆ. ಕೂಲಿ ಯಾರ ತಲೆಗೆ ಅನ್ನೋದು ಕಳಿಸುವವರು ಒತ್ತಿದ ಆಯ್ಕೆಯ ಮೇಲೆ. SHA ಅಂದರೆ ಅವರ ಬ್ಯಾಂಕಿನ ಖರ್ಚು ಅವರಿಗೆ, ಆಚೆಯ ಖರ್ಚೆಲ್ಲ ನಮಗೆ. OUR ಅಂದರೆ ಎಲ್ಲ ಖರ್ಚೂ ಕಳಿಸುವವರದು. BEN ಅಂದರೆ ಎಲ್ಲವೂ ಪಡೆಯುವವರದು, ಕಳಿಸುವ ಬ್ಯಾಂಕಿನ ಶುಲ್ಕ ಕೂಡ. ಗಿರಾಕಿ ತಮಗೆ ಗೊತ್ತಿಲ್ಲದೆ SHA ಆಯ್ಕೆಯನ್ನೇ ಹಾಗೇ ಇರಲು ಬಿಟ್ಟಿದ್ದರು.

ಮುಂದಿನ ಬಿಲ್ಲೂ ಅಷ್ಟೇ ಮೊತ್ತದ್ದು. "ನಮಗೆ ಪೂರ್ತಿ ಹಣ ಸೇರುವ ಹಾಗೆ ಕಳಿಸಿ" ಅಂತ ಬರೆದೆ. ಅವರ ಕಚೇರಿಗೆ ಹೊಸದಾಗಿ ಬಂದ ಹುಡುಗ ಪಡೆಯುವವರಿಗೆ ಪೂರ್ತಿ ಸೇರಬೇಕಲ್ಲ ಅಂದುಕೊಂಡು BEN ಒತ್ತಿಬಿಟ್ಟ. ಈ ಸಲ 46.50 ಯೂರೋ ಕಡಿಮೆ! ತಪ್ಪು ನನ್ನದೂ ಹೌದು, OUR ಅನ್ನುವ ಮೂರಕ್ಷರ ನಾನು ಬರೆಯಲೇ ಇಲ್ಲ.

ಆಗ ಬ್ಯಾಂಕಿನ ಫಾರೆಕ್ಸ್ ವಿಭಾಗಕ್ಕೆ ಹೋಗಿ, ಪಾವತಿಯ ವಿವರ ಹೊತ್ತು ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುತ್ತಿದ್ದ ಎಂಟಿ103 ಸಂದೇಶದ ಪ್ರತಿ ಕೇಳಿದೆ. ಮೊದಲ ಸಲವೇ ಕೇಳಬೇಕಿತ್ತು. ಬೇಕಾದ ಸಾಲುಗಳು ಇಷ್ಟೇ:

```
:32A:230914EUR3433,50
:33B:EUR3480,00
:71A:BEN
:71F:EUR28,50
:71F:EUR18,00
```

33B ಗಿರಾಕಿ ಕಳಿಸಲು ಹೇಳಿದ ಮೊತ್ತ, 32A ನಮ್ಮ ಬ್ಯಾಂಕಿಗೆ ಕೊನೆಗೆ ಸೇರಿದ್ದು. ಎರಡರ ನಡುವಿನ ವ್ಯತ್ಯಾಸವನ್ನು 71F ಸಾಲುಗಳು ಒಂದೊಂದಾಗಿ ಹೇಳುತ್ತವೆ: 28.50 ಕಳಿಸಿದ ಬ್ಯಾಂಕು ಹಿಡಿದದ್ದು, 18 ಫ್ರಾಂಕ್‌ಫರ್ಟ್‌ನದು. ಕೂಡಿದರೆ 46.50, ಲೆಕ್ಕ ತಾಳೆ. 32A ಮೊತ್ತಕ್ಕಿಂತಲೂ ಕಡಿಮೆ ನಮ್ಮ ಖಾತೆಗೆ ಬಿದ್ದಿದ್ದರೆ ಮಾತ್ರ ನಮ್ಮ ಬ್ಯಾಂಕಿನ ಜೊತೆ ಮಾತಾಡಬೇಕು. ಅದಕ್ಕೆ ಮುಂಚೆ ಕೌಂಟರಿನಲ್ಲಿ ಜಗಳ ಆಡಿ ಪ್ರಯೋಜನವಿಲ್ಲ. (ಈಗ ದೇಶದಾಚೆಯ ಪಾವತಿಗೆ ಎಂಟಿ103 ಬದಲು ಐಎಸ್‌ಒ 20022 ಸಂದೇಶ ಬಂದಿದೆ. ಅದರಲ್ಲಿ OUR ಜಾಗಕ್ಕೆ DEBT, BEN ಜಾಗಕ್ಕೆ CRED, SHA ಜಾಗಕ್ಕೆ SHAR ಅಂತ ಇರುತ್ತದೆ. ಓದುವ ಕ್ರಮ ಅದೇ.)

ಈ ಪ್ರತಿ ಇನ್ನೊಂದಕ್ಕೂ ಬೇಕಾಯಿತು. ರಫ್ತಿನ ಹಣ ಪೂರ್ತಿ ಬರದಿದ್ದರೆ, ಸರಕು ಕಳಿಸುವಾಗ ಕಸ್ಟಮ್ಸ್‌ಗೆ ಕೊಟ್ಟ ಶಿಪ್ಪಿಂಗ್ ಬಿಲ್ಲು, ರಫ್ತಿನ ಹಣ ಬಂತೇ ಅಂತ ನೋಡಿಕೊಳ್ಳುವ ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್ ವ್ಯವಸ್ಥೆಯಲ್ಲಿ ಬಾಕಿ ಅಂತಲೇ ಕೂತಿರುತ್ತಿತ್ತು. ನಾನು ಪತ್ರದ ಜೊತೆ ಸಂದೇಶದ ಪ್ರತಿ ಇಟ್ಟು, ಕೊರತೆ ಗಿರಾಕಿಯ ಬಾಕಿಯಲ್ಲ, ವಿದೇಶಿ ಬ್ಯಾಂಕ್ ಶುಲ್ಕ ಅಂತ ತೋರಿಸಿ ಬಿಲ್ಲು ಮುಗಿಸಿಕೊಟ್ಟೆ. "ಇಪ್ಪತ್ತು ಯೂರೋ ಜಾಸ್ತಿನೇ ಕಳಿಸಿ ಅನ್ನಿ" ಅಂತ ಯಜಮಾನರು ಸಲಹೆ ಕೊಟ್ಟರು. ಒಪ್ಪಲಿಲ್ಲ. ಬಿಲ್ಲಿಗಿಂತ ಹೆಚ್ಚು ಬಂದರೆ ಆ ಹೆಚ್ಚಿನದಕ್ಕೂ ಬ್ಯಾಂಕಿಗೆ ವಿವರಣೆ ಕೊಡುತ್ತಾ ಕೂರಬೇಕು.

ಮೂರನೆಯ ಬಿಲ್ಲಿನ ಕೆಳಗೆ "ಭಾರತದ ಹೊರಗಿನ ಎಲ್ಲ ಬ್ಯಾಂಕ್ ಖರ್ಚು ಖರೀದಿದಾರರದು, OUR" ಎಂಬ ಅರ್ಥದ ಸಾಲನ್ನು ದಪ್ಪಕ್ಷರದಲ್ಲಿ ಹಾಕಿದೆ. 3,480ಕ್ಕೆ 3,480 ಬಂತು. ನಮ್ಮ ಬ್ಯಾಂಕು ಇಲ್ಲಿ ಹಿಡಿಯುವ ಶುಲ್ಕ ಮತ್ತು ಅದರ ಜಿಎಸ್‌ಟಿ ಮಾತ್ರ ಎಂದಿನಂತೆ ರೂಪಾಯಿಯಲ್ಲಿ ಹೋಯಿತು. ಅದು ನಮ್ಮ ಪಾಲು.

ಎರಡು ವಾರದ ಮೇಲೆ ಗಿರಾಕಿಯ ದೂರು ಬಂತು: ಕಳಿಸಿದ ದಿನ ಹಿಡಿದದ್ದಲ್ಲದೆ ಮತ್ತೆ 25 ಯೂರೋ ಹಿಡಿದಿದ್ದಾರೆ. OURನಲ್ಲಿ ನಡುವಿನ ಬ್ಯಾಂಕು ಮೊತ್ತದಿಂದ ಕಡಿಯದೆ, ತನ್ನ ಕೂಲಿಯನ್ನು ಹಣ ಕಳಿಸಿದ ಬ್ಯಾಂಕಿನಿಂದ ಬೇರೊಂದು ಸಂದೇಶದ ಮೂಲಕ ಆಮೇಲೆ ಕೇಳಬಹುದು. ಹಾಗಾಗಿ ಖರ್ಚು ಮೊದಲೇ ಇಷ್ಟೇ ಅಂತ ಗೊತ್ತಾಗುವುದಿಲ್ಲ. ಅವರ ಸಿಟ್ಟು ನ್ಯಾಯವೇ.

ಈ ಕೂಲಿ ನಮ್ಮ ವ್ಯವಹಾರದಲ್ಲಿ ಮೊತ್ತಕ್ಕೆ ತಕ್ಕಂತೆ ಬೆಳೆಯಲಿಲ್ಲ, ಸಲಕ್ಕೆ ಇಷ್ಟು ಅಂತಿತ್ತು. ಅದನ್ನೇ ಅವರಿಗೆ ಬರೆದೆ. ಈಗ ಎರಡು ಬಿಲ್ಲು ಸೇರಿಸಿ, ಎರಡರ ನಂಬರನ್ನೂ ವಿವರದ ಸಾಲಿನಲ್ಲಿ ಹಾಕಿ, ಒಂದೇ ಸಲ OURನಲ್ಲಿ ಕಳಿಸುತ್ತಾರೆ. ಹುಡುಗ ಕಳಿಸುವ ಮುಂಚೆ ನನಗೆ ಸ್ಕ್ರೀನ್‌ಶಾಟ್ ಹಾಕುತ್ತಾನೆ.