ಫೋನ್ ಸ್ಲೈಡ್‌ನಲ್ಲಿ ಅಕ್ಷರ ಕಣ್ಣಿಗೆ ಹಿಡಿಸುವುದು ಹೇಗೆ?

ಬೆರಳಿನಿಂದ ಸರಿಸುತ್ತ ಒಂದೊಂದಾಗಿ ನೋಡುವ ಕ್ಯಾರೊಸೆಲ್ ಪೋಸ್ಟಿನ ಸ್ಲೈಡನ್ನು ದೊಡ್ಡ ಪರದೆಯ ಮೇಲೆ ತಯಾರಿಸುತ್ತೇವೆ, ಜನ ಓದುವುದು ಅಂಗೈಯಗಲದ ಪರದೆಯಲ್ಲಿ. ಎಡವಟ್ಟಾಗುವುದು ಇಲ್ಲೇ. 1080 ಪಿಕ್ಸೆಲ್ ಅಗಲ, 1350 ಪಿಕ್ಸೆಲ್ ಎತ್ತರದ ಸ್ಲೈಡನ್ನೇ ತೆಗೆದುಕೊಳ್ಳಿ. ಸಾಮಾನ್ಯ ಫೋನುಗಳಲ್ಲಿ ಆ್ಯಪ್‌ಗಳು ಪರದೆಯ ಅಗಲವನ್ನು ಸುಮಾರು 360ರಿಂದ 430 ಯೂನಿಟ್ ಎಂದು ಲೆಕ್ಕ ಹಾಕುತ್ತವೆ. ಅಂದರೆ ಸಣ್ಣ ಫೋನಿನಲ್ಲಿ ನಿಮ್ಮ ಅಕ್ಷರ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ.

ಒಂದು ಸ್ಲೈಡನ್ನು ತಿದ್ದಿ ನೋಡೋಣ. ಬಿಳಿ ಹಿನ್ನೆಲೆ, 32 ಪಿಕ್ಸೆಲ್ ಅಕ್ಷರ, #999999 ಬೂದು ಬಣ್ಣ, ಅಂಚಿನಿಂದ ಅಂಚಿಗೆ ಸಾಲು.

ಮೊದಲು ಗಾತ್ರ. 32 ಅನ್ನು 3ರಿಂದ ಭಾಗಿಸಿದರೆ 11 ಕೂಡ ಬರುವುದಿಲ್ಲ. ಫೋನಿನಲ್ಲಿ 16 ಇದ್ದರೆ ಓದು ಸಲೀಸು, ಹಾಗಾಗಿ ಸ್ಲೈಡ್‌ನಲ್ಲಿ 48 ಇಡಿ. ಶೀರ್ಷಿಕೆಗೆ 80ರ ಆಸುಪಾಸು ಸಾಕು. ಮಾತೆಲ್ಲ ಒಂದೇ ಸ್ಲೈಡಿನಲ್ಲಿ ಹಿಡಿಯದಿದ್ದರೆ ಅಕ್ಷರ ಕುಗ್ಗಿಸಬೇಡಿ, ಮುಂದಿನ ಸ್ಲೈಡಿಗೆ ದಾಟಿಸಿ. ಸರಿಸಿ ನೋಡಲೆಂದೇ ತಾನೆ ಕ್ಯಾರೊಸೆಲ್ ಇರುವುದು!

ಎರಡನೆಯದು ಸಾಲಿನ ಉದ್ದ. ಎಡಬಲಕ್ಕೆ 90 ಪಿಕ್ಸೆಲ್ ಬಿಟ್ಟರೆ 900 ಉಳಿಯುತ್ತದೆ. ಕನ್ನಡ ಅಕ್ಷರ ಅಗಲವಾದದ್ದು. 48ರ ಗಾತ್ರದಲ್ಲಿ ಫಾಂಟಿಗೆ ತಕ್ಕಂತೆ ಸಾಲಿಗೆ ಸುಮಾರು 25 ಅಕ್ಷರ, ಎಂದರೆ ನಾಲ್ಕೈದು ಪದ. ಇಷ್ಟು ಚಿಕ್ಕ ಸಾಲನ್ನು ಎರಡೂ ಬದಿಗೆ ಸಮ ಮಾಡಲು ಹೋದರೆ ಪದಗಳ ನಡುವೆ ಗುಂಡಿ ಬೀಳುತ್ತದೆ, ಎಡಕ್ಕೆ ಮಾತ್ರ ಹೊಂದಿಸಿ. ಇನ್ನು ಸಾಲುಗಳ ನಡುವಿನ ಅಂತರ. ಇಂಗ್ಲಿಷಿಗೆ ಒಪ್ಪುವ ಅಂತರದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗಲಬಹುದು. ಗಾತ್ರದ 1.6 ಪಟ್ಟು, ಅಂದರೆ 77 ಪಿಕ್ಸೆಲ್ ಕೊಟ್ಟು, ‘ಸ್ತ್ರೀ’ ಇರುವ ಸಾಲನ್ನು ಹುಡುಕಿ ನೋಡಿ. ಅಲ್ಲಿ ತಗಲದಿದ್ದರೆ ಬೇರೆಲ್ಲೂ ತಗಲುವ ಭಯ ಕಡಿಮೆ.

ಮೂರನೆಯದು ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸ, ಕಾಂಟ್ರಾಸ್ಟ್. ಇದನ್ನು ಅನುಪಾತದಲ್ಲಿ ಅಳೆಯುತ್ತಾರೆ, ಅತಿ ಹೆಚ್ಚೆಂದರೆ ಬಿಳಿಯ ಮೇಲೆ ಕಪ್ಪು, 21:1. ವೆಬ್ ಪುಟಗಳಿಗಾಗಿ ಇರುವ WCAG ನಿಯಮ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಕೇಳುತ್ತದೆ. ನಮ್ಮ #999999 ಬರೀ 2.8ರಷ್ಟು, ಎರಡಕ್ಕೂ ಸಾಲದು. #767676 ಅಂಚಿನಲ್ಲಿ ಪಾಸಾಗುತ್ತದೆ. ಬಿಸಿಲಲ್ಲಿ ಫೋನ್ ನೋಡುವವರನ್ನು ನೆನೆದರೆ ಅಂಚಿನ ಪಾಸು ನನಗೆ ಒಪ್ಪಿಗೆಯಿಲ್ಲ, #333333 ಹಾಕಿಬಿಡಿ.

ಫೋಟೊ ಮೇಲೆ ಬಿಳಿ ಅಕ್ಷರ ಬೇಕೇ? ಅಕ್ಷರದ ಹಿಂದೆ ಚಿತ್ರ ಎಲ್ಲಿ ಅತಿ ಬೆಳ್ಳಗಿದೆಯೋ ಅಲ್ಲಿ ಅಳೆಯಿರಿ. ಅಚ್ಚ ಬಿಳಿ ಆಕಾಶದ ಮೇಲೆ 50% ಕಪ್ಪು ಪದರ ಹಾಸಿದರೂ ಸಿಗುವುದು 3.95:1, 60%ಕ್ಕೆ ಏರಿಸಿದರೆ 5.7 ದಾಟುತ್ತದೆ.

ಕೊನೆಗೆ ಕಂಪ್ಯೂಟರಿನಲ್ಲೇ ತೃಪ್ತರಾಗದೆ ಚಿತ್ರವನ್ನು ಫೋನಿಗೆ ಕಳಿಸಿ, ಬೆಳಕು ಅರ್ಧಕ್ಕೆ ಇಳಿಸಿ, ಹಿಗ್ಗಿಸದೆ ಓದಿ. ಬೆರಳು ತಾನಾಗಿ ಹಿಗ್ಗಿಸಲು ಹೋದರೆ ಆ ಸ್ಲೈಡನ್ನು ಎರಡಾಗಿ ಒಡೆಯಿರಿ.